ಪಾದದಡಿಯ ನೀರಿಗೆ ದಾರಿ ಬೇಕು

ಹೊಳಪಿನ ಟೈಲ್ ಹಾಕಿದ ನೆಲದ ಮೇಲೆ ಒಣ ಪಾದದಲ್ಲಿ ನಡೆದು ನೋಡಿ, ಜಾರುವುದಿಲ್ಲ. ಅಂಗಾಲು ಕೊಂಚ ಬೆವರಿದ್ದರಂತೂ ಟೈಲ್ ಪಾದವನ್ನು ಹಿಡಿದುಕೊಳ್ಳುತ್ತದೆ, ಎಳೆದರೆ ಕಿರ್ ಎಂದು ಸದ್ದೂ ಬರುತ್ತದೆ. ಅದೇ ಟೈಲಿನ ಮೇಲೆ ಒಂದು ಚೊಂಬು ನೀರು ಚೆಲ್ಲಿದರೆ ಹಿಡಿತ ಮಾಯವಾಗುತ್ತದೆ. ಟೈಲೂ ಬದಲಾಗಿಲ್ಲ, ಪಾದವೂ ಬದಲಾಗಿಲ್ಲ. ಎರಡರ ನಡುವೆ ತೆಳ್ಳನೆಯ ಒಂದು ನೀರಿನ ಪದರ ಸೇರಿಕೊಂಡಿದೆ, ಅಷ್ಟೇ.

ನೀರಿದ್ದರೆ ಜಾರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ನಮ್ಮ ಹಳೆಯ ಮನೆಗಳ ಬಚ್ಚಲಿನಲ್ಲಿ ಒರಟು ಚಪ್ಪಡಿ ಕಲ್ಲು ಹಾಸಿರುತ್ತಿತ್ತು. ಹಂಡೆಯಿಂದ ನೀರು ಮೊಗೆದು ಸುರಿದುಕೊಂಡರೂ ಆ ಕಲ್ಲಿನ ಮೇಲೆ ಕಾಲು ನಿಲ್ಲುತ್ತಿತ್ತು. ಜಾರುತ್ತಿದ್ದದ್ದು ಪಾಚಿ ಕಟ್ಟಿದ ಮೇಲೆಯೇ. ಹಾಗಾದರೆ ಜಾರಿಸುವುದು ಬರೀ ನೀರಲ್ಲ. ನೀರು ಒಂದು ಮೇಲ್ಮೈಯ ಮೇಲೆ ಜಾರಿಸುತ್ತದೆ, ಇನ್ನೊಂದರ ಮೇಲೆ ಜಾರಿಸುವುದಿಲ್ಲ. ಈ ವ್ಯತ್ಯಾಸ ಹುಟ್ಟುವುದು ಎಲ್ಲಿ ಎಂದು ಗೊತ್ತಾದರೆ ಟೈಲ್ ಪೆಟ್ಟಿಗೆಯ ಮೇಲಿನ ಆರ್ 9, ಆರ್ 10, ಎ, ಬಿ ಮುಂತಾದ ಗುರುತುಗಳನ್ನು ಓದಲು ಬರುತ್ತದೆ. ಯಾವುದನ್ನು ನಂಬಬಾರದು ಎಂಬುದೂ ತಿಳಿಯುತ್ತದೆ.

ಹಿಮ್ಮಡಿ ಊರುವ ಗಳಿಗೆ

ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗಿದ ಕೂಡಲೇ ದೇಹದ ಭಾರ ಅದರ ಮೇಲೆ ಬೀಳತೊಡಗುತ್ತದೆ. ಆ ಹೊತ್ತಿಗೆ ಪಾದ ಇನ್ನೂ ಮುಂದಕ್ಕೆ ನುಗ್ಗುತ್ತಿರುತ್ತದೆ. ಸೆಕೆಂಡಿನ ಹತ್ತನೇ ಒಂದು ಪಾಲು ಮುಗಿಯುವುದರೊಳಗೆ ನೆಲ ಹಿಮ್ಮಡಿಯನ್ನು ಹಿಡಿದು ನಿಲ್ಲಿಸಬೇಕು. ಚರ್ಮ ಟೈಲಿಗೆ ನೇರವಾಗಿ ತಾಗದೆ ಆ ಹಿಡಿತ ಸಿಗದು. ನೆಲ ಒದ್ದೆಯಿದ್ದರೆ ಚರ್ಮ ಟೈಲಿಗೆ ತಾಗುವ ಮೊದಲು ನಡುವಿನ ನೀರು ಹೊರಹೋಗಬೇಕು, ಅದೂ ಇಷ್ಟೇ ಹೊತ್ತಿನಲ್ಲಿ.

ಜಾತ್ರೆಯಲ್ಲಿ ರಥ ಬರುವಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಬೀದಿಯ ಎರಡೂ ಬದಿಗೆ ಓಣಿಗಳಿದ್ದರೆ ಜನ ಥಟ್ಟನೆ ಸರಿದು ಜಾಗ ಬಿಡುತ್ತಾರೆ. ಉದ್ದಕ್ಕೂ ಗೋಡೆಯೇ ಇದ್ದರೆ ಎಲ್ಲರೂ ಬೀದಿಯ ತುದಿಯವರೆಗೆ ಹೋಗಬೇಕು, ರಥ ತಡೆದು ನಿಲ್ಲಬೇಕಾಗುತ್ತದೆ. ಹಿಮ್ಮಡಿಯ ಅಡಿಯ ನೀರಿನ ಪಾಡೂ ಇದೇ. ಟೈಲಿನ ಮೈ ಪೂರ್ತಿ ನುಣುಪಾಗಿದ್ದರೆ ಹಿಮ್ಮಡಿಯ ನಡುವೆ ಸಿಕ್ಕಿದ ನೀರು ಅಂಚಿನವರೆಗೂ ಹರಿದೇ ಹೊರಬರಬೇಕು. ಟೈಲಿನ ಮೈಯಲ್ಲಿ ಸಣ್ಣ ಸಣ್ಣ ಉಬ್ಬು ತಗ್ಗುಗಳಿದ್ದರೆ ನೀರು ಪಕ್ಕದ ತಗ್ಗಿಗೆ ಇಳಿಯುತ್ತದೆ, ಉಬ್ಬಿನ ತುದಿ ಪದರವನ್ನು ಭೇದಿಸಿ ಚರ್ಮವನ್ನು ಮುಟ್ಟುತ್ತದೆ.

ನೀರು ಹೀಗೆ ಹಿಂಡಿ ಹೊರಬರುವುದಕ್ಕೆ ಎರಡು ನಿಯಮಗಳಿವೆ. ಒತ್ತಿದ ಜಾಗದ ಅಗಲ ಅರ್ಧವಾದರೆ ನೀರು ಹೊರಹೋಗಲು ಬೇಕಾದ ಹೊತ್ತು ಅರ್ಧವಲ್ಲ, ಸುಮಾರು ಕಾಲು ಪಾಲಿಗೆ ಇಳಿಯುತ್ತದೆ. ಮೊನಚಾದ ಸಣ್ಣ ಉಬ್ಬುಗಳು ಅಷ್ಟೊಂದು ಕೆಲಸ ಮಾಡುವುದು ಇದರಿಂದಲೇ. ಎರಡನೆಯದು, ಪದರವನ್ನು ಅರ್ಧ ತೆಳುವಾಗಿಸಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ಮೊದಲ ನೀರು ಸುಲಭವಾಗಿ ಓಡಿಹೋಗುತ್ತದೆ, ಕೊನೆಯ ತೆಳುಪದರ ಹಟ ಹಿಡಿದು ಕೂರುತ್ತದೆ. ನಯವಾದ ಟೈಲಿನ ಮೇಲೆ ಕಾಲು ಜಾರಿಸುವುದು ಆ ಕೊನೆಯ ಪದರ.

ದ್ರವ ಮಂದವಾದಷ್ಟೂ ಈ ಹೊತ್ತು ಬೆಳೆಯುತ್ತದೆ. ಕೊಬ್ಬರಿ ಎಣ್ಣೆ ನೀರಿಗಿಂತ ಹತ್ತಾರು ಪಟ್ಟು ಮಂದ. ಹಬ್ಬದ ಎಣ್ಣೆಸ್ನಾನದ ದಿನ ಬಚ್ಚಲು ಅಷ್ಟು ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ. ಸಾಬೂನಿನ ನೀರು ಇನ್ನೊಂದು ಕೆಡುಕನ್ನೂ ಮಾಡುತ್ತದೆ. ನೀರು ಹಿಂಡಿ ಹೋದ ಮೇಲೂ ಸಾಬೂನಿನ ಅತಿ ತೆಳುವಾದ ಲೇಪ ಚರ್ಮ ಮತ್ತು ಟೈಲಿನ ನಡುವೆ ಉಳಿದುಬಿಡುತ್ತದೆ.

ಕಾಣುವ ಉಬ್ಬು, ಕಾಣದ ಉಬ್ಬು

ಉಬ್ಬು ಎಷ್ಟು ಎತ್ತರ ಇರಬೇಕು? ಬ್ರಿಟನ್ನಿನಲ್ಲಿ ಕೆಲಸದ ಜಾಗಗಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಚ್‌ಎಸ್‌ಇ ಇದಕ್ಕೆ ಅಂದಾಜು ಕೊಟ್ಟಿದೆ. ಬರೀ ನೀರು ಬೀಳುವ ನೆಲಕ್ಕೆ ಉಬ್ಬಿನ ತುದಿಯಿಂದ ತಗ್ಗಿನ ತಳದವರೆಗೆ ಕನಿಷ್ಠ 20 ಮೈಕ್ರಾನ್ ಬೇಕು, ಸಾಬೂನು ನೀರಿಗೆ 45, ಎಣ್ಣೆಗೆ 70. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ತಲೆಗೂದಲಿನ ದಪ್ಪವೇ 50ರಿಂದ 100 ಮೈಕ್ರಾನ್ ಇರುತ್ತದೆ. ಅಂದರೆ ನಮ್ಮ ಕಾಲನ್ನು ಕಾಯುವ ಉಬ್ಬುಗಳು ಕೂದಲಿಗಿಂತ ಗಿಡ್ಡವಾಗಿರಬಹುದು, ಕಣ್ಣಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ.

ಅಂಗಡಿಯಲ್ಲಿ ಮೋಸಹೋಗುವುದು ಇಲ್ಲೇ. ಬಂಡೆಯ ಮೈ, ಮರದ ಗೆರೆ, ಬೆಣಚುಕಲ್ಲಿನ ಹಾಸು ಎಂದೆಲ್ಲ ಅಚ್ಚೊತ್ತಿದ ಟೈಲುಗಳು ಬರುತ್ತವೆ. ಉಬ್ಬುಗಳು ದೊಡ್ಡವು, ದೂರದಿಂದಲೇ ಕಾಣುತ್ತವೆ. ಆದರೆ ಆ ದೊಡ್ಡ ಉಬ್ಬಿನ ನೆತ್ತಿಯನ್ನು ಬೆರಳಿನಿಂದ ಸವರಿ ನೋಡಿ. ಅಲ್ಲಿ ಹೊಳಪಿನ ಗಾಜುಲೇಪ ನುಣ್ಣಗೆ ಹರಡಿದ್ದರೆ ಪಾದ ನಿಲ್ಲುವುದು ಆ ನುಣುಪಿನ ಮೇಲೆಯೇ. ದೊಡ್ಡ ತಗ್ಗು ಹೆಚ್ಚಿನ ನೀರನ್ನೇನೋ ಸಾಗಿಸುತ್ತದೆ, ಆದರೆ ಕೊನೆಯ ತೆಳುಪದರವನ್ನು ಭೇದಿಸಲು ನೆತ್ತಿಯ ಮೇಲೆ ಸಣ್ಣ ಒರಟುತನ ಬೇಕೇಬೇಕು. ತದ್ವಿರುದ್ಧವಾಗಿ, ನೋಡಲು ಸಪಾಟಾಗಿರುವ, ಯಾವ ವಿನ್ಯಾಸವೂ ಇಲ್ಲದ, ಸವರಿದರೆ ಸಣ್ಣ ಮರಳು ಕಾಗದದ ಅನುಭವ ಕೊಡುವ ಮ್ಯಾಟ್ ಟೈಲ್ ಚೆನ್ನಾಗಿ ಹಿಡಿಯಬಲ್ಲದು. ಮ್ಯಾಟ್ ಎಂಬ ಹೆಸರು ಮಾತ್ರಕ್ಕೆ ಹಿಡಿತ ಬರುವುದಿಲ್ಲ ಎನ್ನುವುದೂ ನೆನಪಿರಲಿ. ಮೇಣದ ನುಣುಪಿನ ಮ್ಯಾಟ್ ಟೈಲುಗಳೂ ಮಾರಾಟಕ್ಕಿವೆ.

ಟೈಲುಗಳ ನಡುವಿನ ಸಂದಿಯೂ ನೀರಿಗೆ ಓಣಿಯೇ. ಆದರೆ ಒಂದು ಅಡಿ ಅಗಲದ ಟೈಲಿನಲ್ಲಿ ಹಿಮ್ಮಡಿ ಪೂರ್ತಿಯಾಗಿ ಒಂದೇ ಟೈಲಿನೊಳಗೆ ಬೀಳುವುದೇ ಹೆಚ್ಚು, ಸಂದಿಯಿಂದ ಉಪಯೋಗವಿಲ್ಲ. ಎರಡು ಇಂಚಿನ ಚಿಕ್ಕ ಟೈಲುಗಳಾದರೆ ಹಿಮ್ಮಡಿ ಎಲ್ಲಿ ಬಿದ್ದರೂ ಅದರಡಿಯಲ್ಲಿ ಅಥವಾ ಅಂಚಿನಲ್ಲಿ ಸಂದಿ ಇದ್ದೇ ಇರುತ್ತದೆ.

ಆರ್ 9 ಅಂದರೆ ಒಂಬತ್ತು ಅಂಕವಲ್ಲ

ಈಗ ಪೆಟ್ಟಿಗೆಯ ಮೇಲಿನ ಗುರುತಿಗೆ ಬರೋಣ. "ಇದು ಆ್ಯಂಟಿ ಸ್ಕಿಡ್ ಸಾರ್, ಆರ್ 10" ಎಂದು ಅಂಗಡಿಯವರು ಹೇಳುತ್ತಾರೆ. ಈ ಆರ್ ಅಳತೆ ಹುಟ್ಟಿದ್ದು ಜರ್ಮನಿಯಲ್ಲಿ, ಡಿನ್ 51130 ಎಂಬ ಮಾನದಂಡದಲ್ಲಿ. ಅದಕ್ಕೆ ಬೇಕಾಗಿದ್ದ ನೆಲ ಕಾರ್ಖಾನೆ, ಹೋಟೆಲ್ ಅಡುಗೆಮನೆ, ಗ್ಯಾರೇಜುಗಳದು. ಪರೀಕ್ಷೆ ನಡೆಯುವುದು ಹೀಗೆ: ಟೈಲುಗಳನ್ನು ಒಂದು ಹಲಗೆಯ ಮೇಲೆ ಕೂರಿಸಿ ಮೋಟಾರ್ ಎಣ್ಣೆ ಸವರುತ್ತಾರೆ. ಬೀಳದಂತೆ ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡ ಒಬ್ಬರು ನಿಗದಿತ ಅಡಿಯ ಸುರಕ್ಷತಾ ಬೂಟು ಹಾಕಿ ಅದರ ಮೇಲೆ ಪುಟ್ಟ ಹೆಜ್ಜೆಗಳಲ್ಲಿ ಹಿಂದೆ ಮುಂದೆ ನಡೆಯುತ್ತಾರೆ. ಹಲಗೆಯನ್ನು ನಿಧಾನವಾಗಿ ಓರೆ ಮಾಡುತ್ತಾ ಹೋಗುತ್ತಾರೆ. ನಡೆಯುವವರಿಗೆ ಇನ್ನು ನಿಲ್ಲಲಾಗದು ಅನ್ನಿಸಿದ ಓರೆಯೇ ಆ ಟೈಲಿನ ಅಂಕ.

ಆರ್ 9 ಅಂದರೆ 6ರಿಂದ 10 ಡಿಗ್ರಿ ಓರೆ, ಆರ್ 10 ಅಂದರೆ 19ರವರೆಗೆ, ಆರ್ 11 ಅಂದರೆ 27ರವರೆಗೆ. ಕೊನೆಯದು ಆರ್ 13. ಈ ಸಾಲಿನಲ್ಲಿ ಆರ್ 1ರಿಂದ ಆರ್ 8ರವರೆಗಿನ ದರ್ಜೆಗಳೇ ಇಲ್ಲ. ಎಣಿಕೆ ಶುರುವಾಗುವುದೇ ಒಂಬತ್ತರಿಂದ. ಆದ್ದರಿಂದ ಆರ್ 9 ಎನ್ನುವುದು ಹತ್ತಕ್ಕೆ ಒಂಬತ್ತಲ್ಲ, ಪಾಸಾದವರಲ್ಲಿ ಕೊನೆಯ ಸ್ಥಾನ. ಇದು ತಿಳಿಯದೆ ಆರ್ 9 ಟೈಲನ್ನು ಬಚ್ಚಲಿಗೆ ಹಾಕಿಸಿಕೊಳ್ಳುವವರು ಬಹಳ ಮಂದಿ.

ಅದಕ್ಕಿಂತ ದೊಡ್ಡ ತೊಡಕು, ಬೂಟು ಮತ್ತು ಎಣ್ಣೆಯದು. ಬೂಟಿನ ಅಡಿ ಗಡುಸು, ಅದರಲ್ಲಿ ಕಚ್ಚುಗಳಿವೆ. ಅಂಗಾಲು ಮೆತ್ತಗಿದೆ, ಟೈಲಿನ ಏರಿಳಿತಕ್ಕೆ ತಕ್ಕಂತೆ ಬಾಗುತ್ತದೆ. ಬೂಟಿನ ಕಚ್ಚಿಗೆ ಸಿಕ್ಕಿ ಒಳ್ಳೆಯ ಅಂಕ ತಂದ ದೊಡ್ಡ ಉಬ್ಬು ಬರಿಗಾಲಿಗೆ ಅಷ್ಟೇ ಹಿಡಿತ ಕೊಡಬೇಕೆಂದಿಲ್ಲ. ಆರ್ ಅಂಕದಿಂದ ಬರಿಗಾಲಿನ ಅಂಕವನ್ನು ಲೆಕ್ಕ ಹಾಕಿ ತೆಗೆಯುವ ಸೂತ್ರವಿಲ್ಲ.

ಬರಿಗಾಲಿನ ಅಳತೆ

ಬರಿಗಾಲಿಗೆಂದೇ ಬೇರೆ ಪರೀಕ್ಷೆಯಿದೆ, ಡಿನ್ 51097. ಹಲಗೆ ಅದೇ, ಬೆಲ್ಟೂ ಅದೇ. ನಡೆಯುವವರ ಕಾಲಲ್ಲಿ ಬೂಟಿಲ್ಲ, ನೀರಿನಲ್ಲಿ ನೆನೆಸಿದ ಬರಿಗಾಲು. ಎಣ್ಣೆಯ ಬದಲು ಸಾಬೂನಿನಂಥ ಜಾರುವ ದ್ರಾವಣ ಎಡೆಬಿಡದೆ ಹರಿಯುತ್ತಿರುತ್ತದೆ. ನಮ್ಮ ಬಚ್ಚಲಿಗೆ ಇದಕ್ಕಿಂತ ಹತ್ತಿರದ ಪರೀಕ್ಷೆ ಇನ್ನೊಂದಿಲ್ಲ. 12 ಡಿಗ್ರಿ ದಾಟಿದರೆ ಎ, 18 ದಾಟಿದರೆ ಬಿ, 24 ದಾಟಿದರೆ ಸಿ. 2021ರಲ್ಲಿ ಬಂದ ಯುರೋಪಿನ ಇಎನ್ 16165 ಮಾನದಂಡ ಈ ಎರಡೂ ಓರೆ ಹಲಗೆಯ ಪರೀಕ್ಷೆಗಳನ್ನು ಒಂದೇ ಕಡೆ ಸೇರಿಸಿದೆ. ಬರಿಗಾಲಿನದು ಅದರ ಅನುಬಂಧ ಎ. ಪೆಟ್ಟಿಗೆಯ ಮೇಲೆ ಎರಡರಲ್ಲಿ ಯಾವ ಹೆಸರಿದ್ದರೂ ಸರಿ.

ಈ ಡಿಗ್ರಿಗಳನ್ನು ಕಿಲೋಗ್ರಾಮಿಗೆ ಇಳಿಸಿ ನೋಡಿದರೆ ಅರ್ಥ ಬಿಚ್ಚಿಕೊಳ್ಳುತ್ತದೆ. ಅರುವತ್ತು ಕಿಲೋ ತೂಕದ ಒಬ್ಬ ಅಜ್ಜಿ ಇದ್ದಾರೆ ಎನ್ನಿ. ಸಮತಟ್ಟಾದ ನೆಲದಲ್ಲಿ ಸಾಧಾರಣ ನಡಿಗೆಗೆ ಬೇಕಾದ ಅಡ್ಡ ಹಿಡಿತ ದೇಹದ ತೂಕದ ಸುಮಾರು ಐದನೇ ಒಂದು ಪಾಲು, ಅಂದರೆ 12 ಕಿಲೋ. 12 ಡಿಗ್ರಿಯ ಓರೆ ಐದು ಅಡಿ ಉದ್ದಕ್ಕೆ ಒಂದು ಅಡಿ ಏರುತ್ತದೆ. ಎ ದರ್ಜೆಯ ಗಡಿಯಲ್ಲಿರುವ ಟೈಲ್ ಅಜ್ಜಿಗೆ ಕೊಡುವುದು ಹೆಚ್ಚುಕಡಿಮೆ 12.5 ಕಿಲೋ ಹಿಡಿತ. ಬೇಕಾದಷ್ಟು ಇದೆ, ಉಳಿಕೆ ಏನೂ ಇಲ್ಲ. 18 ಡಿಗ್ರಿಯ ಓರೆ ಮೂರು ಅಡಿಗೆ ಒಂದು ಅಡಿಯ ಏರು. ಬಿ ದರ್ಜೆಯ ಟೈಲ್ 19 ಕಿಲೋಗೂ ಹೆಚ್ಚು ಕೊಡುತ್ತದೆ. ಸಿ ದರ್ಜೆಯದು 26 ಕಿಲೋ ದಾಟುತ್ತದೆ.

ಈಗ ಅಜ್ಜಿ ಬಚ್ಚಲಿನಲ್ಲಿ ಏನು ಮಾಡುತ್ತಾರೆ ನೋಡಿ. ಅವರು ನೇರವಾಗಿ ನಡೆಯುವುದು ಎರಡು ಹೆಜ್ಜೆ ಮಾತ್ರ. ಮಿಕ್ಕ ಹೊತ್ತು ಗಿಡ್ಡ ಸ್ಟೂಲಿನ ಮೇಲೆ ಕೂತು, ಬಕೆಟ್ಟಿನ ಕಡೆ ವಾಲಿ, ಕೊನೆಗೆ ಕಾಲನ್ನು ಮುಂದಕ್ಕೆ ಒತ್ತಿ ಮೇಲೇಳುತ್ತಾರೆ. ನೆಲವೂ ನೀರು ಹರಿಯಲೆಂದು ಟ್ರ್ಯಾಪಿನ ಕಡೆ ಕೊಂಚ ಇಳಿಜಾರಾಗಿರುತ್ತದೆ. ಏಳುವಾಗ, ಥಟ್ಟನೆ ತಿರುಗುವಾಗ ಬೇಕಾಗುವ ಅಡ್ಡ ಹಿಡಿತ ನಡಿಗೆಯದಕ್ಕಿಂತ ಹೆಚ್ಚು. ಎ ದರ್ಜೆಯಲ್ಲಿ ಅದಕ್ಕೆ ಉಳಿಕೆಯೇ ಇಲ್ಲ, ಬಿ ದರ್ಜೆಯಲ್ಲಿ ಏಳು ಕಿಲೋದಷ್ಟು ಇದೆ. ಎ ದರ್ಜೆಯನ್ನು ಮೂಲದಲ್ಲಿ ಉದ್ದೇಶಿಸಿದ್ದೂ ಬಹುಪಾಲು ಒಣಗಿರುವ ಬಟ್ಟೆ ಬದಲಿಸುವ ಕೋಣೆಯಂಥ ಜಾಗಗಳಿಗೆ, ಬಿ ದರ್ಜೆಯನ್ನು ಶವರ್ ಮತ್ತು ಈಜುಕೊಳದ ಸುತ್ತಿನ ನೆಲಕ್ಕೆ. ಬಕೆಟ್ ಸ್ನಾನದಲ್ಲಿ ನೆಲವೆಲ್ಲ ತೊಯ್ಯುವ ನಮ್ಮ ಬಚ್ಚಲಿಗೆ ಬಿ ದರ್ಜೆಯೇ ಕನಿಷ್ಠ ಎಂಬುದು ನನ್ನ ಅಭಿಪ್ರಾಯ. ಸಿ ದರ್ಜೆಯದು ಇನ್ನೂ ಭದ್ರ, ಆದರೆ ಅದರ ಒರಟು ಮೈಯಲ್ಲಿ ಕೊಳೆ ಬೇಗ ಕೂರುತ್ತದೆ. ದಿನಾ ಉಜ್ಜುವವರಿದ್ದರೆ ಮಾತ್ರ ಅದು ಲಾಭ.

ಬೀಸಿ ಬರುವ ಲೋಲಕ

ಓರೆ ಹಲಗೆಯ ಪರೀಕ್ಷೆಯನ್ನು ಹಾಸಿಯಾದ ನೆಲದ ಮೇಲೆ ಮಾಡಲಾಗದು. ಅದಕ್ಕೆ ಲೋಲಕ ಯಂತ್ರವಿದೆ. 1940ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಪರ್ಸಿ ಸಿಗ್ಲರ್ ರೂಪಿಸಿದ ಇದನ್ನು ಬ್ರಿಟನ್ನಿನ ರಸ್ತೆ ಸಂಶೋಧನಾಲಯ ತಿದ್ದಿ ಬಳಕೆಗೆ ತಂದಿತು. ತುದಿಯಲ್ಲಿ ರಬ್ಬರ್ ತುಂಡು ಕಟ್ಟಿದ ತೋಳು ಮೇಲಿಂದ ಬೀಸಿ ಬಂದು ಒದ್ದೆ ನೆಲವನ್ನು ಸುಮಾರು 12.5 ಸೆಂಟಿಮೀಟರ್ ದೂರ ಸವರಿ ಮತ್ತೆ ಮೇಲಕ್ಕೆ ಏರುತ್ತದೆ. ನೆಲ ಹಿಡಿದಷ್ಟೂ ಅದು ಏರುವ ಎತ್ತರ ಕಡಿಮೆ. ಆ ಕೊರತೆಯನ್ನೇ ಅಂಕ ಮಾಡುತ್ತಾರೆ, ಅದರ ಹೆಸರು ಪಿಟಿವಿ. ಎಚ್‌ಎಸ್‌ಇ ಪ್ರಕಾರ 24ರವರೆಗೆ ಜಾರುವ ಅಪಾಯ ಹೆಚ್ಚು, 25ರಿಂದ 35 ಮಧ್ಯಮ, 36 ಅಥವಾ ಮೇಲಿದ್ದರೆ ಕಡಿಮೆ. ಬರಿಗಾಲಿನ ಜಾಗಕ್ಕೆ 55 ಎಂಬ ಗುರುತಿನ ಮೆತ್ತನೆಯ ರಬ್ಬರನ್ನೇ ಬಳಸಬೇಕು. 96 ಎಂಬ ಗಡುಸು ರಬ್ಬರ್ ಇರುವುದು ಚಪ್ಪಲಿ, ಬೂಟಿನ ಜಾಗಕ್ಕೆ. ವರದಿ ಕೈಗೆ ಬಂದಾಗ ಅಂಕದ ಪಕ್ಕದಲ್ಲಿ ಒದ್ದೆ ಎಂದಿದೆಯೇ ನೋಡಿ. ಒಣ ನೆಲದ ಅಂಕವನ್ನು ದೊಡ್ಡದಾಗಿ ಮುದ್ರಿಸುವವರಿದ್ದಾರೆ. ಹೊಳಪಿನ ಟೈಲೂ ಒಣಗಿದ್ದಾಗ ಒಳ್ಳೆಯ ಅಂಕ ತರುತ್ತದೆ.

ಈ ತೋಳು ಬೀಸಿ ಬರುವುದು ಸೆಕೆಂಡಿಗೆ ಮೂರು ಮೀಟರಿನ ಆಸುಪಾಸಿನ ವೇಗದಲ್ಲಿ. ನೀರಿಗೆ ಓಡಿಹೋಗಲು ಪುರುಸೊತ್ತು ಕೊಡಬಾರದು ಎಂಬುದೇ ಇದರ ಉದ್ದೇಶ. ಮನೆಯಲ್ಲಿ ಮಾಡುವ ಪರೀಕ್ಷೆಗಳು ಸೋಲುವುದು ಈ ಒಂದು ವಿಷಯದಲ್ಲೇ.

ಹೆಬ್ಬೆರಳು ಸುಳ್ಳು ಹೇಳುತ್ತದೆ

ಅಂಗಡಿಯಲ್ಲಿ ಟೈಲಿನ ಮೇಲೆ ಎರಡು ಹನಿ ನೀರು ಹಾಕಿ ಹೆಬ್ಬೆರಳಿನಿಂದ ಒತ್ತಿ ಉಜ್ಜಿ ತೋರಿಸುತ್ತಾರೆ. ಬೆರಳು ಹಿಡಿಯುತ್ತದೆ. ಆದರೆ ಬೆರಳಿನ ತುದಿ ಚಿಕ್ಕದು, ಒತ್ತುವುದು ನಿಧಾನವಾಗಿ, ನೀರು ಎರಡೇ ಹನಿ. ಉಜ್ಜುವ ಮೊದಲೇ ನೀರು ಹೊರಟುಹೋಗಿರುತ್ತದೆ. ಒದ್ದೆ ಟೈಲಿನ ಮೇಲೆ ರಬ್ಬರ್ ತುಂಡಿಟ್ಟು, ಮೇಲೆ ಭಾರ ಹೇರಿ, ಸ್ಪ್ರಿಂಗ್ ತಕ್ಕಡಿಯಿಂದ ನಿಧಾನವಾಗಿ ಎಳೆದು ನೋಡುವವರೂ ಇದ್ದಾರೆ. ಅದು ಇನ್ನೂ ಹಾದಿ ತಪ್ಪಿಸುತ್ತದೆ. ಸುಮ್ಮನೆ ಕೂತ ಭಾರ ನೀರನ್ನೆಲ್ಲ ಹಿಂಡಿ ನುಣುಪು ಟೈಲಿಗೆ ಅಂಟಿಕೊಳ್ಳುತ್ತದೆ. ಕೆಲವೊಮ್ಮೆ ಹೊಳಪಿನ ಟೈಲೇ ಒರಟು ಟೈಲಿಗಿಂತ ಹೆಚ್ಚು ಅಂಕ ಪಡೆಯುತ್ತದೆ.

ಮನೆಯಲ್ಲಿ ಮಾಡಬಹುದಾದ, ಬೀಳುವ ಅಪಾಯವಿಲ್ಲದ ಪರೀಕ್ಷೆ ಒಂದಿದೆ. ಅದು ಅಂಕ ಕೊಡುವುದಿಲ್ಲ, ಯಾವುದು ಮೇಲು ಯಾವುದು ಕೀಳು ಎಂದು ತೋರಿಸುತ್ತದೆ. ಮನಸ್ಸಿಗೆ ಬಂದ ಮೂರು ನಾಲ್ಕು ಬಗೆಯ ಟೈಲುಗಳಲ್ಲಿ ಒಂದೊಂದು ಬಿಡಿ ತುಂಡು ತನ್ನಿ, ಜೊತೆಗೆ ಒಂದು ಹೊಳಪಿನ ಟೈಲೂ ಇರಲಿ. ಅಂಗಡಿಯ ಧೂಳು, ಮೇಣ ಹೋಗುವಂತೆ ತೊಳೆದು ಒಣಗಿಸಿ. ಗೋಡೆಗೆ ಒರಗಿಸಿದ, ಸರಿಯದ ಕುರ್ಚಿಯ ಮೇಲೆ ಕೂತುಕೊಳ್ಳಿ. ಟೈಲ್ ಜಾರದಂತೆ ಅದರಡಿ ಒದ್ದೆ ಗೋಣಿಚೀಲ ಹಾಸಿ, ಎದುರು ಅಂಚಿಗೆ ಒಂದು ಇಟ್ಟಿಗೆ ಆನಿಸಿ. ಒಂದು ಮಗ್ ನೀರಿಗೆ ಕೆಲವು ಹನಿ ಶಾಂಪೂ ಕಲಸಿ ಟೈಲಿನ ಮೇಲೆ ಧಾರಾಳವಾಗಿ ಸುರಿಯಿರಿ, ಮೈಯೆಲ್ಲ ನೀರು ನಿಲ್ಲಬೇಕು. ನೀರಿನಲ್ಲಿ ನೆನೆಸಿದ ಬರಿಗಾಲಿನ ಹಿಮ್ಮಡಿಯನ್ನು ಮೇಲಿನಿಂದ ಇಳಿಸಿ, ತಾಗಿದ ಕೂಡಲೇ ತಡೆಯದೆ ಮುಂದಕ್ಕೆ ತಳ್ಳಿ. ಇಳಿಸಿ, ನಿಲ್ಲಿಸಿ, ಆಮೇಲೆ ತಳ್ಳಿದರೆ ಹೆಬ್ಬೆರಳಿನ ಸುಳ್ಳೇ ಮತ್ತೆ ಬರುತ್ತದೆ. ಹೊಳಪಿನ ಟೈಲಿನಲ್ಲಿ ಹಿಮ್ಮಡಿ ಎದುರು ಅಂಚಿನವರೆಗೂ ಹೋಗುತ್ತದೆ. ಒಳ್ಳೆಯ ಟೈಲಿನಲ್ಲಿ ಒಂದೆರಡು ಇಂಚಿಗೆ ತಡೆದು ನಿಲ್ಲುತ್ತದೆ. ಪ್ರತಿ ಟೈಲಿಗೆ ಹಲವು ಸಲ ಮಾಡಿ, ಟೈಲನ್ನು ಅಡ್ಡಡ್ಡ ತಿರುಗಿಸಿಯೂ ನೋಡಿ. ಗೆರೆಗಳ ವಿನ್ಯಾಸವಿರುವ ಟೈಲ್ ಒಂದು ದಿಕ್ಕಿಗೆ ಹಿಡಿದು ಇನ್ನೊಂದು ದಿಕ್ಕಿಗೆ ಬಿಟ್ಟುಬಿಡುವುದುಂಟು. ಬಚ್ಚಲಿನಲ್ಲಿ ಕಾಲು ಯಾವ ದಿಕ್ಕಿಗೆ ಜಾರೀತು ಎಂದು ಹೇಳಲಾಗದು, ಹಾಗಾಗಿ ಹೆಚ್ಚು ದೂರ ಜಾರಿದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ.

ತಗ್ಗು ತುಂಬಿದ ಮೇಲೆ

ಹೊಸ ಟೈಲಿನ ದರ್ಜೆ ಹೊಸ ಟೈಲಿನದು ಮಾತ್ರ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಇರುತ್ತದೆ. ಅದು ಸಾಬೂನಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಬಿಳಿ ಜಿಡ್ಡಾಗುತ್ತದೆ. ಬಕೆಟ್ಟಿನ ಒಳಮೈಗೆ ಅಂಟಿರುವುದೂ ಇದೇ. ಈ ಜಿಡ್ಡು ಮೊದಲು ಕೂರುವುದು ತಗ್ಗುಗಳಲ್ಲಿ. ಓಣಿಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ, ಬಿ ದರ್ಜೆಯ ಟೈಲ್ ನುಣುಪು ಟೈಲಾಗುತ್ತದೆ. ಟೈಲ್ ಸವೆದಿದೆ ಎಂದುಕೊಳ್ಳುತ್ತೇವೆ. ಮನೆಯ ಬಚ್ಚಲಿನಲ್ಲಿ ಬರಿಗಾಲಿನಿಂದ ಅಷ್ಟು ಸವೆತವಾಗುವುದು ಅಪರೂಪ, ಹೆಚ್ಚಿನ ಸಲ ಅದು ಮುಚ್ಚಿಹೋಗಿರುತ್ತದೆ.

ಆಸಿಡ್ ಸುರಿದರೆ ಇದು ಪೂರ್ತಿ ಹೋಗುವುದಿಲ್ಲ. ಆಸಿಡ್ ಕ್ಯಾಲ್ಸಿಯಮ್ಮನ್ನು ಬಿಡಿಸುತ್ತದೆ, ಜಿಡ್ಡಿನ ಕೊಬ್ಬಿನಂಶ ಅಲ್ಲೇ ಉಳಿಯುತ್ತದೆ. ಜೊತೆಗೆ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ. ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡ ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಗಡುಸು ಕೂದಲಿನ ಬ್ರಷ್ಷಿನಿಂದ ಉಜ್ಜಿ ಚೆನ್ನಾಗಿ ತೊಳೆದರೆ ಜಿಡ್ಡು ಬಿಡುತ್ತದೆ. ಸೋಡ ಚರ್ಮಕ್ಕೆ ಉರಿ ತರುತ್ತದೆ, ಕೈಗವಸು ಇರಲಿ. ಬಟ್ಟೆಯ ಮಾಪ್ ತಗ್ಗಿನೊಳಗೆ ಇಳಿಯುವುದಿಲ್ಲ. ಹಳೆಯ ಹೊಳಪಿನ ನೆಲಕ್ಕೆ ಹಚ್ಚಿ ಒರಟು ಮಾಡುವ ಕೆಲವು ದ್ರಾವಣಗಳಲ್ಲಿ ಫ್ಲೋರೈಡ್ ಆಮ್ಲಗಳಿರುತ್ತವೆ. ಅವು ಗಾಜುಲೇಪವನ್ನು ನಿಜವಾಗಿಯೂ ಕೊರೆದು ತಗ್ಗು ಮಾಡುತ್ತವೆ, ಮೈಗೆ ತಾಗಿದರೆ ಘೋರ ಗಾಯ ಮಾಡುತ್ತವೆ. ತರಬೇತಾದವರ ಕೈಗಲ್ಲದೆ ಅವನ್ನು ಕೊಡಬೇಡಿ.

ಟೈಲ್ ಕೊಳ್ಳುವಾಗ ಅಂಗಡಿಯವರಿಗೆ ಆರ್ ಎಷ್ಟು ಎಂದು ಕೇಳುವ ಬದಲು, ಬರಿಗಾಲಿನ ದರ್ಜೆ ಯಾವುದು, ಬಿ ಇದೆಯೇ ಎಂದು ಕೇಳಿ. ಪೆಟ್ಟಿಗೆಯ ಮೇಲೆ ಅಥವಾ ಕಂಪನಿಯ ಪರೀಕ್ಷಾ ವರದಿಯಲ್ಲಿ ಬರೆದದ್ದನ್ನು ಕಣ್ಣಾರೆ ಓದಿ. ಹಾಸಿದ ಮೇಲೆ ಅದೇ ಪೆಟ್ಟಿಗೆಯ ಎರಡು ಟೈಲುಗಳನ್ನು ಬಳಸದೆ ಎತ್ತಿಡಿ. ವರ್ಷಕ್ಕೊಮ್ಮೆ ಕುರ್ಚಿಯಲ್ಲಿ ಕೂತು ಎತ್ತಿಟ್ಟ ಟೈಲಿನ ಮೇಲೆ ಮತ್ತು ಬಚ್ಚಲಿನ ನೆಲದ ಮೇಲೆ ಹಿಮ್ಮಡಿ ತಳ್ಳಿ ನೋಡಿ. ನೆಲದ ಮೇಲೆ ಹೆಚ್ಚು ದೂರ ಜಾರಿದರೆ ಆ ಸಂಜೆಯೇ ಬ್ರಷ್ ಹಿಡಿಯಿರಿ.